ಚೀಟಿಯಲ್ಲಿದ್ದ 16 ಎಂಬ ಅಂಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ. ಅತ್ತೆಗೆ ತಲೆಸುತ್ತು ಎಂದು ಮಂಗಳೂರಿನ ಡಾಕ್ಟರಿಗೆ ತೋರಿಸಿ, ಮದ್ದನ್ನು ನಮ್ಮೂರಿನ ಅಂಗಡಿಯಿಂದಲೇ ತಂದೆವು. ಮೂರು ಮಾತ್ರೆ ತಿಂದ ಮರುದಿನ ಬೆಳಗ್ಗೆ ಮೈಯೆಲ್ಲ ಬೆವತು, ಮಾತು ತೊದಲಿ ಬಿದ್ದುಬಿಟ್ಟರು. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ 38. ಅಂಗಡಿಯವರು ಕೊಟ್ಟದ್ದು ಗ್ಲಿಮೆಪಿರೈಡ್ 2 ಎಂ.ಜಿ., ಸಕ್ಕರೆ ಕಾಯಿಲೆಯ ಮಾತ್ರೆ. ಅತ್ತೆಗೆ ಆ ಕಾಯಿಲೆಯೇ ಇಲ್ಲ. “ಡಾಕ್ಟರ ಅಕ್ಷರ ನೋಡಿ” ಎಂದು ಅಂಗಡಿಯವರು. “ನಾನು ಬರೆದದ್ದು ತಲೆಸುತ್ತಿನ ಬೀಟಾಹಿಸ್ಟಿನ್ 16, ದಿನಕ್ಕೆ ಮೂರು” ಎಂದು ಡಾಕ್ಟರು. ಹೊಣೆ ಯಾರದು? ದೂರು ಎಲ್ಲಿ ಕೊಡುವುದು?
— ಓದುಗರು, ಪೆರ್ಲ

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 16ರ ಮೇಲೆ. ಚೀಟಿಯಲ್ಲಿ ಮದ್ದಿನ ಹೆಸರು ಕಾಗೆ ಕಾಲಿನಂತೆ ಇದ್ದಿರಲಿ. ಅಂಕಿ ಓದಲು ಬರುತ್ತದೆಯೇ, ಅದನ್ನು ಮೊದಲು ನೋಡಿ. ಗ್ಲಿಮೆಪಿರೈಡ್ ಮಾತ್ರೆ ಬರುವುದು 1, 2, 3, 4 ಎಂ.ಜಿ.ಗಳಲ್ಲಿ. ಸಾಮಾನ್ಯವಾಗಿ ದಿನಕ್ಕೊಮ್ಮೆ, ಬೆಳಗಿನ ತಿಂಡಿಯ ಹೊತ್ತಿಗೆ. ಇಡೀ ದಿನಕ್ಕೆ 8 ಎಂ.ಜಿ. ದಾಟುವಂತಿಲ್ಲ. 16ರಂತೆ ಮೂರು ಹೊತ್ತು ಎಂದರೆ 48 ಆಯಿತು. ಫಾರ್ಮಸಿ ಓದಿದ ಯಾರಿಗೂ ಅಲ್ಲಿ ಕೈ ತಡೆಯಬೇಕು. ಅವರು ಡಾಕ್ಟರಿಗೆ ಫೋನು ಮಾಡದೆ, 16 ಇದ್ದಲ್ಲಿ 2ರ ಸ್ಟ್ರಿಪ್ ಹರಿದುಕೊಟ್ಟಿದ್ದಾರೆ. ಅದು ಓದಿ ತಪ್ಪಿದ್ದಲ್ಲ, ಊಹೆ.

ಇದೇ ಬಗೆಯ ಮೊಕದ್ದಮೆಯೊಂದು ಇಂಗ್ಲೆಂಡಿನಲ್ಲಿ 1989ರಲ್ಲಿ ತೀರ್ಮಾನವಾಯಿತು. ಡಾಕ್ಟರು ಬರೆದದ್ದು ಅಮಾಕ್ಸಿಲ್ ಎಂಬ ಆಂಟಿಬಯೋಟಿಕ್, ಫಾರ್ಮಸಿಸ್ಟ್ ಕೊಟ್ಟದ್ದು ಡಯೋನಿಲ್ ಎಂಬ ಸಕ್ಕರೆ ಮಾತ್ರೆ. ರೋಗಿಯ ಮಿದುಳಿಗೇ ಏಟು ಬಿತ್ತು. ಅಕ್ಷರ ಗೊಂದಲ ಹುಟ್ಟಿಸುವಂತೆ ಇದ್ದದ್ದರಿಂದ ಡಾಕ್ಟರನ್ನು ಕೋರ್ಟು ಬಿಡಲಿಲ್ಲ. ಆದರೆ ಚೀಟಿಯಲ್ಲಿ 250 ಎಂ.ಜಿ. ಎಂದಿತ್ತು, ಡಯೋನಿಲ್ ಬರುತ್ತಿದ್ದುದು 5ರಲ್ಲಿ. ಅಲ್ಲಿ ಸಕ್ಕರೆ ಕಾಯಿಲೆಯವರಿಗೆ ಮದ್ದು ಉಚಿತ, ಈತ ದುಡ್ಡು ಕೊಟ್ಟಿದ್ದ. ಇಷ್ಟಾದರೂ ಎಚ್ಚರವಾಗಲಿಲ್ಲವೆಂದು ಫಾರ್ಮಸಿಸ್ಟ್ ಪಾಲಿಗೆ ಶೇ. 75, ಡಾಕ್ಟರ ಪಾಲಿಗೆ ಶೇ. 25 ಹಂಚಲಾಯಿತು. ಆ ತೀರ್ಪಿಗೆ ನಮ್ಮ ಗ್ರಾಹಕ ಆಯೋಗಗಳು ಕಟ್ಟುಬಿದ್ದಿಲ್ಲ. ಆದರೂ ತೂಗುವ ಬಗೆ ಅದೇ: ತಪ್ಪಿನ ಬೀಜ ಯಾರದು, ಅದನ್ನು ತಡೆಯುವ ಕೊನೆಯ ಅವಕಾಶ ಯಾರ ಕೈಲಿತ್ತು?

ಹಾಗಾಗಿ ನಿಮ್ಮ ಚೀಟಿ ಸ್ಪಷ್ಟವಾಗಿದ್ದರೆ ಡಾಕ್ಟರು ಬಹುಪಾಲು ಪಾರು. ಬೇರೆ ಇಬ್ಬರು ಫಾರ್ಮಸಿಸ್ಟರೂ ಓದಲಾಗದೆ ತಡಕಾಡಿದರೆ ಡಾಕ್ಟರಿಗೂ ಪಾಲು ಬರುತ್ತದೆ. ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ ನಿಯಮ 2016ರಲ್ಲೇ ಬಂದಿದೆ. ಅಂಗಡಿಯ ಹೊಣೆ ಮಾತ್ರ ಎರಡೂ ಸಂದರ್ಭದಲ್ಲಿ ಉಳಿಯುತ್ತದೆ. ಓದಲಾಗದಿದ್ದರೆ ಕೊಡಬಾರದಿತ್ತು, ಅಷ್ಟೆ. ಆವತ್ತು ಕೌಂಟರಿನಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇದ್ದರೇ ಎಂದೂ ವಿಚಾರಿಸಿ. ಗೋಡೆಯ ಮೇಲೆ ಒಬ್ಬರ ಸರ್ಟಿಫಿಕೇಟು, ಸ್ಟ್ರಿಪ್ ಕತ್ತರಿಸುವವರು ಇನ್ನೊಬ್ಬರು — ಇದು ನಮ್ಮ ಕಡೆ ಹೊಸತಲ್ಲ. ಚೀಟಿಯ ಮದ್ದು ಫಾರ್ಮಸಿಸ್ಟ್ ಉಸ್ತುವಾರಿಯಲ್ಲೇ ಹೋಗಬೇಕೆಂದು ಔಷಧ ನಿಯಮಾವಳಿಯ 65ನೇ ನಿಯಮ ಹೇಳುತ್ತದೆ. ಕೊಟ್ಟವನು ಕೆಲಸದ ಹುಡುಗನಾದರೂ ಮಾಲೀಕರು ಜಾರಿಕೊಳ್ಳುವಂತಿಲ್ಲ.

ಅವರಿಬ್ಬರ ಪಾಲು ಲೆಕ್ಕ ಹಾಕುವುದು ನಿಮ್ಮ ಕೆಲಸವಲ್ಲ. ಇಬ್ಬರನ್ನೂ ಒಂದೇ ದೂರಿನಲ್ಲಿ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಹಿಡಿದರೆ ಅವರು ಅಲ್ಲಿಲ್ಲದ ಇನ್ನೊಬ್ಬರತ್ತ ಬೆರಳು ತೋರಿಸುತ್ತಾ ಕೂರುತ್ತಾರೆ. ಡಾಕ್ಟರು ಕರ್ನಾಟಕದವರು, ಅಂಗಡಿ ಕೇರಳದ್ದು ಎಂದು ಅಂಜಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಅಂದರೆ ಕಾಸರಗೋಡಿನಲ್ಲಿ. ಘಟನೆ ನಡೆದು ಎರಡು ವರ್ಷದೊಳಗೆ. ಅಂಗಡಿಯ ಲೈಸೆನ್ಸಿನ ವಿಚಾರ ಮಾತ್ರ ಕೇರಳದ ಡ್ರಗ್ಸ್ ಇನ್‌ಸ್ಪೆಕ್ಟರಿಗೆ, ಡಾಕ್ಟರ ನಡತೆಯ ವಿಚಾರ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಆ ಎರಡು ಕಡೆ ಶಿಸ್ತುಕ್ರಮವಾದೀತು, ಪರಿಹಾರದ ದುಡ್ಡು ಸಿಗದು.

ಇನ್ನು ಸಾಕ್ಷ್ಯ. ಮೂಲ ಚೀಟಿಯನ್ನು “ಸರಿ ಮಾಡಿ ಕೊಡುತ್ತೇವೆ” ಎಂದರೂ ಅಂಗಡಿಗಾಗಲಿ ಕ್ಲಿನಿಕ್ಕಿಗಾಗಲಿ ಕೊಡಬೇಡಿ. ಉಳಿದ ಮಾತ್ರೆಗಳಿರುವ ಸ್ಟ್ರಿಪ್ಪನ್ನು ಹಾಗೇ ಇಡಿ. ಬ್ಯಾಚ್ ನಂಬರು ಹೆಚ್ಚಾಗಿ ಸ್ಟ್ರಿಪ್ಪಿನ ಒಂದು ತುದಿಯಲ್ಲಷ್ಟೇ ಇರುತ್ತದೆ, ಕತ್ತರಿಸುವಾಗ ಆ ತುಂಡು ಅಂಗಡಿಯಲ್ಲೇ ಉಳಿದಿರಲೂ ಸಾಕು. ಆಗ ಬಿಲ್ಲೇ ಗತಿ. ಬಿಲ್ಲೂ ಕೊಟ್ಟಿಲ್ಲವಾದರೆ ಗೂಗಲ್ ಪೇಯಲ್ಲಿ ದುಡ್ಡು ಹೋದ ದಾಖಲೆ ಹುಡುಕಿ.

ಎಲ್ಲಕ್ಕಿಂತ ಮುಖ್ಯವಾದದ್ದು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ. ಗ್ಲಿಮೆಪಿರೈಡ್ ಒಂದು ದಿನದವರೆಗೂ ಮೈಯಲ್ಲಿ ಕೆಲಸ ಮಾಡುತ್ತದೆ. ಗ್ಲೂಕೋಸ್ ಹಾಕಿದಾಗ ಏರಿದ ಸಕ್ಕರೆ ಮತ್ತೆ ಕುಸಿಯಬಹುದು, ಅದಕ್ಕೇ ಇರಿಸಿಕೊಂಡು ನೋಡುತ್ತಾರೆ. ಸಮ್ಮರಿಯಲ್ಲಿ ಬರೀ “ಸಕ್ಕರೆ ಕಡಿಮೆಯಾಗಿತ್ತು” ಎಂದಿದ್ದರೆ, ಅತ್ತೆಯವರು ಊಟ ಬಿಟ್ಟಿದ್ದರು ಎಂದು ಎದುರಿನ ವಕೀಲರು ವಾದಿಸುತ್ತಾರೆ. 38 ಎಂಬ ಅಂಕಿ, ತಿಂದ ಮಾತ್ರೆಯ ಹೆಸರು, ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇಲ್ಲವೆಂಬ ಮಾತು, ಮೂರೂ ಅದರಲ್ಲಿವೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ ಬರೆದುಕೊಡಿ ಎಂದು ಈ ವಾರವೇ ಹೋಗಿ ಕೇಳಿ. ಚಿಕಿತ್ಸೆ ಕೊಟ್ಟ ಡಾಕ್ಟರಿಗೆ ಈಗಿನ್ನೂ ನೆನಪಿರುತ್ತದೆ.