ಕ್ಯಾರೊಸೆಲ್‌ಗೆ ಅಂಕ ಕೊಡುವುದು ಹೇಗೆ?

> "ಇನ್‌ಸ್ಟಾಗ್ರಾಮ್‌ಗೆ ಕಾಂಪೋಸ್ಟ್ ಬಗ್ಗೆ 8 ಸ್ಲೈಡ್ ಮಾಡಿದ್ದೇನೆ. ಹಾಕುವ ಮುಂಚೆ ಚೆನ್ನಾಗಿದೆಯಾ ಅಂತ ಅಳೆಯೋದು ಹೇಗೆ?"

ಒಟ್ಟು 10 ಅಂಕ ಇಟ್ಟುಕೊಳ್ಳಿ: ಮೊದಲ ಸ್ಲೈಡಿನ ಸೆಳೆತಕ್ಕೆ 4, ಓಟ, ಸ್ಪಷ್ಟತೆ, ಮುಕ್ತಾಯಕ್ಕೆ ತಲಾ 2. ಸೆಳೆತಕ್ಕೆ 3ಕ್ಕಿಂತ ಕಡಿಮೆ ಬಂದರೆ ಒಟ್ಟು ಎಷ್ಟೇ ಇರಲಿ, ಹಾಕಬೇಡಿ. ಅಲ್ಲೇ ಜನ ದಾಟಿಹೋದರೆ ಉಳಿದದ್ದನ್ನು ಓದುವವರಿಲ್ಲ.

"ಮನೆಯಲ್ಲೇ ಕಾಂಪೋಸ್ಟ್: ಸಂಪೂರ್ಣ ಮಾಹಿತಿ" ಎಂದಿದ್ದರೆ ನಾನು 1 ಕೊಡುತ್ತೇನೆ. ವಿಷಯ ಗೊತ್ತಾಗುತ್ತದೆ, ಯಾರಿಗೆ ಅಂತ ಗೊತ್ತಾಗುವುದಿಲ್ಲ. "ಕಾಂಪೋಸ್ಟ್ ಡಬ್ಬಿ ನಾರುತ್ತಿದೆಯಾ? ಹಸಿ ಕಸದ ಜೊತೆ ಇದನ್ನು ಹಾಕುತ್ತಿಲ್ಲ" ಎಂದರೆ 4: ತೊಂದರೆ ಇದೆ, ಉತ್ತರ ಮುಂದಿದೆ. ಮೊದಲ ಸ್ಲೈಡ್ ನೋಡಿ ಹಾಗೇ ದಾಟಿಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವೊಮ್ಮೆ ಎರಡನೇ ಸ್ಲೈಡ್ ತೋರಿಸುತ್ತದೆ, ಹಾಗಾಗಿ ಅದೂ ಒಂಟಿಯಾಗಿ ಅರ್ಥವಾಗಬೇಕು.

ಓಟ ನೋಡಲು 4 ಮತ್ತು 5ನೇ ಸ್ಲೈಡ್ ಅದಲುಬದಲು ಮಾಡಿ. ಏನೂ ಕೆಡದಿದ್ದರೆ ಅದು ಬರೀ ಪಟ್ಟಿ, 1 ಅಂಕ ಸಾಕು. ವಾಸನೆ ಏಕೆ ಬರುತ್ತದೆ ಎಂದು ಹೇಳಿದ ಮೇಲೆಯೇ ಒಣ ಎಲೆ ಎಷ್ಟು ಬೇಕು ಎಂಬುದು ಬರಲಿ.

ಸ್ಪಷ್ಟತೆಯನ್ನು ಲ್ಯಾಪ್‌ಟಾಪಿನಲ್ಲಿ ಅಳೆಯಬೇಡಿ, ಫೋನನ್ನು ಕೈಚಾಚಿ ಹಿಡಿದು ಓದಿ. ಕನ್ನಡದಲ್ಲಿ ಸಾಲುಗಳ ನಡುವೆ ಜಾಗ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಇಂಗ್ಲಿಷ್ ಟೆಂಪ್ಲೇಟಿನಲ್ಲಿ ಇದು ಪದೇ ಪದೇ ಆಗುತ್ತದೆ, ಸಾಲಿನ ಅಂತರ ಹೆಚ್ಚಿಸಿ.

ಕೊನೆಯಲ್ಲಿ ಒಂದೇ ಕೋರಿಕೆ ಇರಲಿ. ಲೈಕ್, ಶೇರ್, ಫಾಲೋ ಮೂರನ್ನೂ ಕೇಳಿದರೆ 0. "ಮುಂದಿನ ಸಲ ನಾರಿದಾಗ ನೋಡಲು ಸೇವ್ ಮಾಡಿ" ಎಂದರೆ 2.