ಸೈನ್ ನಿಯಮ: ಕ್ಯಾಲ್ಕ್ಯುಲೇಟರ್ ತೋರಿಸದ ಎರಡನೇ ತ್ರಿಭುಜ

"ಎರಡು ಬಾಹು, ಒಂದು ಕೋನ ಕೊಟ್ಟರೆ ಸೈನ್ ನಿಯಮದಲ್ಲಿ ಎರಡು ಉತ್ತರ ಬರುತ್ತಂತೆ. ಯಾವುದನ್ನ ಆರಿಸ್ಬೇಕು?"

ಆರಿಸುವ ಮಾತೇ ಇಲ್ಲ. ಎರಡು ಬಂದರೆ ಎರಡನ್ನೂ ಬರೆಯಬೇಕು. ಒಂದನ್ನೇ ಬರೆದು ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಲೆಕ್ಕ ಹೀಗಿತ್ತು: A = 30°, a = 6 ಸೆಂ.ಮೀ., b = 10 ಸೆಂ.ಮೀ.

sin B = 10 × sin 30° ÷ 6 = 0.8333. ಕ್ಯಾಲ್ಕ್ಯುಲೇಟರಿನಲ್ಲಿ B = 56.44° ಬಂತು, ಅಲ್ಲಿಗೇ ನಿಲ್ಲಿಸಿದೆ. ತಪ್ಪಾದದ್ದು ಅಲ್ಲೇ. ಧನ ಸಂಖ್ಯೆ ಕೊಟ್ಟರೆ sin⁻¹ ಗುಂಡಿ 90° ದಾಟಿ ಉತ್ತರ ಕೊಡುವುದೇ ಇಲ್ಲ, ಅಂದರೆ ವಿಶಾಲ ಕೋನ ಅದರ ಬಾಯಲ್ಲಿ ಯಾವತ್ತೂ ಬರುವುದಿಲ್ಲ. 180° − 56.44° = 123.56°, ಇದರ ಸೈನ್ ಕೂಡ 0.8333. ಈ ಕಳೆಯುವ ಕೆಲಸ ನಮ್ಮದು.

ಕಳೆದ ಮೇಲೆ ಒಂದೇ ಪರೀಕ್ಷೆ: ಹೊಸ B ಮತ್ತು A ಸೇರಿ 180°ಗಿಂತ ಕಡಿಮೆ ಇದೆಯಾ? 123.56 + 30 = 153.56. ಇದೆ, ಹಾಗಾಗಿ ಎರಡನೇ ತ್ರಿಭುಜವೂ ನಿಜ. ಮೊದಲನೆಯದರಲ್ಲಿ C = 93.56°, c = 11.98 ಸೆಂ.ಮೀ. ಎರಡನೆಯದರಲ್ಲಿ C = 26.44°, c = 5.34 ಸೆಂ.ಮೀ. ಅದೇ a 12 ಆಗಿದ್ದರೆ B 24.62° ಅಥವಾ 155.38°. ಎರಡನೆಯದಕ್ಕೆ 30 ಕೂಡಿಸಿದರೆ 185 ದಾಟುತ್ತೆ, ಬಿಟ್ಟುಬಿಡಿ.

ನಂಬಿಕೆ ಬರದಿದ್ದರೆ ಕೈವಾರ ತಗೊಳ್ಳಿ. A ಇಂದ ಅಡ್ಡಗೆರೆ ಎಳೆದು, ಅದಕ್ಕೆ 30° ಕೋನದಲ್ಲಿ 10 ಸೆಂ.ಮೀ. ಗೆರೆ ಎಳೆಯಿರಿ, ಅದರ ತುದಿ C. ಕೈವಾರವನ್ನು 6 ಸೆಂ.ಮೀ. ತೆರೆದು, ಮುಳ್ಳನ್ನು C ಮೇಲಿಟ್ಟು ಕಂಸ ಎಳೆದರೆ ಅದು ಅಡ್ಡಗೆರೆಯನ್ನು ಎರಡು ಕಡೆ ಕತ್ತರಿಸುತ್ತೆ. ಆ ಎರಡೂ ಬಿಂದು B ಆಗಬಹುದು. C ಇಂದ ಅಡ್ಡಗೆರೆಗೆ ಎತ್ತರ 10 × sin 30° = 5. ಕೈವಾರ 5ಕ್ಕಿಂತ ಕಡಿಮೆ ತೆರೆದರೆ ಗೆರೆ ಮುಟ್ಟುವುದೇ ಇಲ್ಲ, ಆಗ sin B 1 ದಾಟಿ ಕ್ಯಾಲ್ಕ್ಯುಲೇಟರ್ ಎರರ್ ತೋರಿಸುತ್ತೆ. ಸರಿಯಾಗಿ 5 ಆದರೆ ಒಂದೇ ಲಂಬಕೋನ ತ್ರಿಭುಜ. 5 ಮತ್ತು 10ರ ನಡುವೆ ಎರಡು. 10 ಅಥವಾ ಹೆಚ್ಚಾದರೆ ಮತ್ತೆ ಒಂದೇ.

ಒಂದು ಬಾಹು, ಅದರ ಎದುರಿನ ಕೋನ ಎರಡೂ ಗೊತ್ತಿದ್ದರೆ ಮಾತ್ರ ಸೈನ್ ನಿಯಮ ಶುರುಮಾಡಿ. ಎರಡು ಕೋನ ಗೊತ್ತಿದ್ದರೆ ಈ ಗೊಂದಲವೇ ಇಲ್ಲ. ಮೂರು ಬಾಹು ಕೊಟ್ಟರೆ ಕೊಸೈನ್ ನಿಯಮ. ಆದರೆ ಅಲ್ಲೂ ಹುಷಾರು. ಬಾಹುಗಳು 5, 6, 10 ಇರಲಿ. ಕೊಸೈನ್‌ನಿಂದ ಚಿಕ್ಕ ಕೋನ ತೆಗೆದು, 10ರ ಎದುರಿನದಕ್ಕೆ ಸೈನ್ ಹಾಕಿದರೆ 49.46° ಬರುತ್ತೆ, ನಿಜವಾದ ಉತ್ತರ 130.54°. ಇಲ್ಲಿ ತ್ರಿಭುಜ ಒಂದೇ, ಗುಂಡಿಯ ಚಾಳಿ ಮಾತ್ರ ಅದೇ. ಅದಕ್ಕೇ ಅತಿ ಉದ್ದದ ಬಾಹುವಿನ ಎದುರಿನ ಕೋನವನ್ನು ಮೊದಲೇ ಕೊಸೈನ್‌ನಲ್ಲಿ ತೆಗೆದುಬಿಡಿ. ಉಳಿದೆರಡು ಲಘುಕೋನಗಳೇ ಆಗಿರುತ್ತವೆ.