ಆದಾಯದ ಶೇ. 30 ಉಳಿಸುವ ಗುರಿ ಇಟ್ಟುಕೊಳ್ಳುವ ಮೊದಲು ಎರಡು ತಾರೀಖಿನ ಲೆಕ್ಕ ನೋಡಿ

ಪ್ರಶ್ನೆ: ವರ್ಷಕ್ಕೊಮ್ಮೆ ಮನೆಯ ಹಣಕಾಸು ಪರಿಶೀಲಿಸಬೇಕು ಅಂದುಕೊಂಡಿದ್ದೇವೆ. ಖರ್ಚು ವಿಂಗಡಿಸಲು ಯಾವ ಆ್ಯಪ್ ಒಳ್ಳೆಯದು? ಮುಂದಿನ ವರ್ಷ ಆದಾಯದ ಶೇ. 30 ಉಳಿಸುವ ಗುರಿ ಸರಿಯೇ?

ನಾನು ಮೂರು ವರ್ಷ ಆ್ಯಪ್‌ನಲ್ಲಿ ಒಂದು ದಿನವೂ ತಪ್ಪದೆ ಖರ್ಚು ಬರೆದೆ. ಗುರಿಯೂ ಹೆಚ್ಚುಕಡಿಮೆ ನಿಮ್ಮದೇ, ಶೇ. 25. ಮೂರನೇ ವರ್ಷದ ಕೊನೆಗೆ ನನ್ನ ಗಂಡ ಒಂದು ಮಾತು ಕೇಳಿದರು: "ಇಷ್ಟೆಲ್ಲ ಉಳಿಸ್ತಿದ್ದೀವಿ ಅಂತೀಯಲ್ಲ, ಮತ್ತೆ ಕ್ರೆಡಿಟ್ ಕಾರ್ಡ್ ಬಾಕಿ ಯಾಕೆ ಏರ್ತಾನೇ ಇದೆ?" ನನ್ನ ಬಳಿ ಉತ್ತರ ಇರಲಿಲ್ಲ.

ನಿಜವಾದ ಮೊತ್ತಗಳು ಬೇಡ. ನಮ್ಮ ತಿಂಗಳ ಆದಾಯ 100 ಅಂದುಕೊಳ್ಳಿ, ವರ್ಷಕ್ಕೆ 1200. ಆ್ಯಪ್ ಪ್ರಕಾರ ತಿಂಗಳ ಖರ್ಚು 75. ಹಾಗಾಗಿ ಸಂಬಳ ಬಂದ ದಿನವೇ 25 ತಾನಾಗಿ ಠೇವಣಿಗೆ ಹೋಗುವಂತೆ ಮಾಡಿದ್ದೆ. ವರ್ಷಕ್ಕೆ 300 ಉಳಿತಾಯ ಅಂತ ನೆಮ್ಮದಿಯಾಗಿದ್ದೆ.

ಆ ರಾತ್ರಿ ಆ್ಯಪ್ ಬದಿಗಿಟ್ಟು ಇಬ್ಬರೂ ಒಂದು ಹಾಳೆ ತೆಗೆದುಕೊಂಡು ಕೂತೆವು. ವರ್ಷದ ಮೊದಲ ದಿನ ಎಲ್ಲ ಖಾತೆ, ಠೇವಣಿ, ಕೈಯಲ್ಲಿದ್ದ ನಗದು ಸೇರಿ ಎಷ್ಟಿತ್ತು? 420. ಸಾಲ ಇರಲಿಲ್ಲ. ಕೊನೆಯ ದಿನ? 484, ಆದರೆ ಕಾರ್ಡ್ ಬಾಕಿ 40. ಅದನ್ನು ಕಳೆದರೆ 444. ವರ್ಷವಿಡೀ ನಾವು ಉಳಿಸಿದ್ದು 24. ನೂರಕ್ಕೆ ಇಪ್ಪತ್ತೈದಲ್ಲ, ಎರಡು.

ಅಂದರೆ 1200ರಲ್ಲಿ 1176 ಖರ್ಚಾಗಿತ್ತು. ನಾನು ಲೆಕ್ಕ ಹಿಡಿದಿದ್ದು ಹನ್ನೆರಡು ಎಪ್ಪತ್ತೈದು, 900. ಮಿಕ್ಕ 276 ಎಲ್ಲಿ ಹೋಯಿತು?

ನಾನು ಮಾಡಿದ ತಪ್ಪು ಇಲ್ಲಿದೆ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಇದೇ ದಾರಿಯಲ್ಲಿದ್ದೀರಿ ಅನ್ನಿಸುತ್ತಿದೆ. ಆ 75 ಎನ್ನುವ ಅಂಕಿಯನ್ನು ನಾನು ಮೂರು ಸಾಧಾರಣ ತಿಂಗಳುಗಳ ಸರಾಸರಿಯಿಂದ ತೆಗೆದಿದ್ದೆ. ದಿನಸಿ, ಬಾಡಿಗೆ, ವಿದ್ಯುತ್, ಓಡಾಟ ಎಲ್ಲ ಅದರಲ್ಲಿತ್ತು. ವರ್ಷಕ್ಕೆ ಒಂದೆರಡು ಸಲ ಬರುವ ಖರ್ಚುಗಳು ಮಾತ್ರ ಇರಲಿಲ್ಲ. ಅವು ಬಂದಾಗ ಆ್ಯಪ್‌ನಲ್ಲಿ 'ಅಪರೂಪದ್ದು' ಅಂತ ಬೇರೆ ಗುಂಪಿಗೆ ಹಾಕಿ, ಸರಾಸರಿ ಕೆಡದಂತೆ ನೋಡಿಕೊಳ್ಳುತ್ತಿದ್ದೆ. ಬ್ಯಾಂಕ್ ಮತ್ತು ಕಾರ್ಡಿನ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಇಟ್ಟುಕೊಂಡು ಆ ಅಪರೂಪದವನ್ನೆಲ್ಲ ಹೆಕ್ಕಿದೆವು: ಶಾಲೆಯ ಶುಲ್ಕ ಎರಡು ಕಂತು ಸೇರಿ 84, ವಿಮೆಯ ಕಂತು 48, ಮನೆ ಮತ್ತು ವಾಹನದ ರಿಪೇರಿ 45, ಪ್ರಯಾಣ ಮತ್ತು ಉಡುಗೊರೆ 36, ಹಲ್ಲಿನ ಚಿಕಿತ್ಸೆ 27. ಒಟ್ಟು 240. ತಿಂಗಳಿಗೆ ಹಂಚಿದರೆ 20. ಒಂದೊಂದೂ ಅಪರೂಪದ್ದೇ, ಆದರೆ ಹಿಂದಿನ ವರ್ಷದ ಸ್ಟೇಟ್‌ಮೆಂಟ್‌ನಲ್ಲೂ ಅವೇ ಇದ್ದವು. ರಿಪೇರಿಯಾದ ವಸ್ತು ಮಾತ್ರ ಬೇರೆ.

ಇದರ ಪೆಟ್ಟು ಬಿದ್ದದ್ದು ಹೀಗೆ. 25 ಠೇವಣಿಗೆ ಹೋದ ಮೇಲೆ ಖಾತೆಯಲ್ಲಿ ಉಳಿಯುತ್ತಿದ್ದುದು 75, ಅಷ್ಟೂ ತಿಂಗಳ ಖರ್ಚಿಗೇ ಸರಿ. ಶುಲ್ಕದ ತಿಂಗಳು ಬಂದಾಗ ಕಾರ್ಡ್ ತೆಗೆಯುವುದು. ಬಾಕಿ ದೊಡ್ಡದಾದಾಗ ಒಂದು ಠೇವಣಿ ಮುರಿದು ಸ್ವಲ್ಪ ಕಟ್ಟುವುದು, ಮಿಕ್ಕದ್ದನ್ನು ಮುಂದಿನ ತಿಂಗಳಿಗೆ ತಳ್ಳುವುದು. ಠೇವಣಿ ಕೊಡುತ್ತಿದ್ದ ಬಡ್ಡಿಯ ಹಲವು ಪಟ್ಟು ಬಡ್ಡಿಯನ್ನು ಕಾರ್ಡಿಗೆ ಕಟ್ಟುತ್ತಿದ್ದೆವು. ಸಾಲ ಮಾಡಿ ಉಳಿತಾಯ ಮಾಡುತ್ತಿದ್ದೆವು, ಅದನ್ನೇ ಶಿಸ್ತು ಅಂದುಕೊಂಡಿದ್ದೆ. ನಿಮ್ಮ ಮನೆಯಲ್ಲೂ ಠೇವಣಿ ಮತ್ತು ಕಾರ್ಡ್ ಬಾಕಿ ಎರಡೂ ಒಟ್ಟಿಗೆ ಬೆಳೆಯುತ್ತಿದ್ದರೆ ಇದೇ ಕಾಯಿಲೆ.

276ರಲ್ಲಿ 240 ಹೋದರೆ ಉಳಿದದ್ದು 36. ಅದರಲ್ಲಿ 14 ಕಾರ್ಡಿನ ಬಡ್ಡಿ ಮತ್ತು ತಡಪಾವತಿ ಶುಲ್ಕ, 10 ಯಾರೂ ಬಳಸದೆ ತಾನಾಗಿ ನವೀಕರಣವಾಗುತ್ತಿದ್ದ ಚಂದಾಗಳು. ಮಿಕ್ಕ 12 ಎಲ್ಲಿ ಹೋಯಿತೋ ಕೊನೆಗೂ ಸಿಗಲಿಲ್ಲ, ಹುಡುಕುವುದನ್ನೂ ಬಿಟ್ಟೆವು. ನೂರಕ್ಕೆ ಒಂದರಷ್ಟು ಲೆಕ್ಕಕ್ಕೆ ಸಿಗದಿದ್ದರೆ ಅದಕ್ಕಾಗಿ ಗಂಡ ಹೆಂಡತಿ ಜಗಳವಾಡಬೇಕಿಲ್ಲ.

ಹಾಗಾಗಿ ಯಾವ ಆ್ಯಪ್ ಅನ್ನುವ ಪ್ರಶ್ನೆಯನ್ನೇ ಬಿಡಿ ಅನ್ನುತ್ತೇನೆ. ವರ್ಷದ ಪರಿಶೀಲನೆಗೆ ಬೇಕಾದದ್ದು ಎರಡು ತಾರೀಖಿನ ಲೆಕ್ಕ ಮತ್ತು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್. ನಮ್ಮ ಹಾಳೆಯಲ್ಲಿ ಈಗಲೂ ಇರುವುದು ಇಷ್ಟೇ:

- ಇವತ್ತು ಇರುವುದು ಎಷ್ಟು, ಕೊಡಬೇಕಾದದ್ದು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು
- ಕೈಗೆ ಬಂದ ಆದಾಯದಿಂದ ಆ ವ್ಯತ್ಯಾಸವನ್ನು ಕಳೆದರೆ ಬರುವ ನಿಜವಾದ ಖರ್ಚು
- ವರ್ಷಕ್ಕೆ ಒಂದೆರಡು ಸಲ ಬರುವ ಖರ್ಚುಗಳು, ಅವು ಬರುವ ತಿಂಗಳ ಸಮೇತ
- ತಾನಾಗಿ ಕಡಿತವಾಗುವ ಚಂದಾ ಮತ್ತು ಕಂತುಗಳು. ಯಾವುದು ಇರಲಿ, ಯಾವುದು ಬೇಡ
- ಖಾತೆ, ವಿಮೆಗಳ ನಾಮಿನಿ ಹೆಸರು ಸರಿಯಿದೆಯೇ, ಕಾಗದಪತ್ರ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತೇ

ಮೊದಲ ಸಾಲಿನಲ್ಲೇ ಎಡವುವವರು ಹೆಚ್ಚು. ಕಾರ್ಡಿನಲ್ಲಿ ಉಜ್ಜಿ ಇನ್ನೂ ಬಿಲ್ ಬರದ ಮೊತ್ತವೂ ಸಾಲವೇ, ಸೇರಿಸಿ. ಗೃಹಸಾಲವಿದ್ದರೆ ಆ ದಿನ ಉಳಿದಿರುವ ಅಸಲನ್ನು ಬರೆಯಿರಿ, ಮುಂದೆ ಕಟ್ಟಬೇಕಾದ ಕಂತುಗಳ ಮೊತ್ತವನ್ನಲ್ಲ. ಷೇರು, ಫಂಡ್ ಇದ್ದರೆ ಅವುಗಳ ಬೆಲೆ ತಾನಾಗಿ ಏರಿದ್ದನ್ನು ಉಳಿತಾಯಕ್ಕೆ ಸೇರಿಸಬೇಡಿ, ಈ ವರ್ಷ ನೀವು ಹೊಸದಾಗಿ ಹಾಕಿದ್ದನ್ನು ಮಾತ್ರ ಎಣಿಸಿ. ಇಲ್ಲದಿದ್ದರೆ ಮಾರುಕಟ್ಟೆ ಏರಿದ ವರ್ಷ ನೀವು ಜಾಣರಂತೆ ಕಾಣುತ್ತೀರಿ, ಇಳಿದ ವರ್ಷ ದುಂದುಗಾರರಂತೆ.

ಇನ್ನು ಶೇ. 30. ನಿಮ್ಮ ಹೋದ ವರ್ಷದ ನಿಜವಾದ ಅಂಕಿ ಗೊತ್ತಿಲ್ಲದೆ ಈ ಗುರಿ ಇಡಲೇಬೇಡಿ. ನಮ್ಮದು 2 ಇತ್ತು. ಬಡ್ಡಿಯ 14 ನಿಲ್ಲಿಸಬಹುದು, ಚಂದಾದ 10 ನಿಲ್ಲಿಸಬಹುದು. 24ಕ್ಕೆ 24 ಸೇರಿ 48. ನೂರಕ್ಕೆ 4. ಗುರಿ ಅಷ್ಟೇ ಇಟ್ಟೆವು. ಶೇ. 4 ಅಂತ ಬರೆಯುವಾಗ ನನಗೆ ನಾಚಿಕೆಯಾಗಿತ್ತು, ಆದರೆ ಅದರ ಪ್ರತಿಯೊಂದು ಕಾಸೂ ಎಲ್ಲಿಂದ ಬರುತ್ತದೆ ಅಂತ ಗೊತ್ತಿತ್ತು.

ಮಾಡಿದ ಕೆಲಸ ಎರಡು. ಠೇವಣಿಗೆ ಹೋಗುತ್ತಿದ್ದ 25ನ್ನು ನಿಲ್ಲಿಸಿ, ತಿಂಗಳಿಗೆ 20 ಬೇರೊಂದು ಉಳಿತಾಯ ಖಾತೆಗೆ ಹೋಗುವಂತೆ ಮಾಡಿದೆವು. ಅಪರೂಪದ ಖರ್ಚೆಲ್ಲ ಅಲ್ಲಿಂದಲೇ. ಮತ್ತೆ ಠೇವಣಿಯಲ್ಲಿ 70 ಮುರಿದೆವು. 40 ಕಾರ್ಡಿಗೆ. ಮಿಕ್ಕ 30 ಯಾಕೆ ಅಂದರೆ, ಪಟ್ಟಿಯಲ್ಲಿ ತಿಂಗಳು ಬರೆದಾಗಲೇ ಗೊತ್ತಾಗಿತ್ತು: ಎರಡನೇ ತಿಂಗಳು ಶುಲ್ಕದ ಮೊದಲ ಕಂತು 42, ಮೂರನೇ ತಿಂಗಳು ವಿಮೆ 48, ಒಟ್ಟು 90. ಅಷ್ಟರೊಳಗೆ ಹೊಸ ಖಾತೆಯಲ್ಲಿ ಕೂಡುವುದು 60 ಮಾತ್ರ. ಆ 30 ಮೊದಲೇ ಹಾಕಿಡದಿದ್ದರೆ ಮೂರನೇ ತಿಂಗಳಲ್ಲೇ ಮತ್ತೆ ಕಾರ್ಡ್ ಹೊರಗೆ ಬರುತ್ತಿತ್ತು. ಹೀಗೆ ಖಾತೆ ತೆರೆದ ಎಷ್ಟೋ ಜನ ಸೋಲುವುದು ಇಲ್ಲೇ, ಹನ್ನೆರಡರಿಂದ ಭಾಗಿಸುತ್ತಾರೆ, ಖರ್ಚು ಯಾವ ತಿಂಗಳು ಬರುತ್ತದೆ ಅಂತ ನೋಡುವುದಿಲ್ಲ.

ಮುಂದಿನ ವರ್ಷದ ಕೊನೆಯ ದಿನ ಮತ್ತೆ ಅದೇ ಹಾಳೆ ಹಿಡಿದು ಕೂತೆವು. 444 ಇದ್ದದ್ದು 489 ಆಗಿತ್ತು. ಗುರಿಗೆ ಮೂರು ಕಡಿಮೆ, ಕಾರ್ಡ್ ಬಾಕಿ ಸೊನ್ನೆ.